ಮಾಳಿಗೆಯ ಸೋರಿಕೆ ಮತ್ತು ವಿದ್ಯುತ್ ದೋಷಗಳ ಬಗ್ಗೆ ಕಟ್ಟಡದ ಮಾಲೀಕರಿಗೆ ದೂರು ಪತ್ರ

ಹುಬ್ಬಳ್ಳಿ
ದಿನಾಂಕ: 22 ಆಗಸ್ಟ್ 2025

ಇವರಿಂದ:
ಕಚೇರಿ ವ್ಯವಸ್ಥಾಪಕರು,
ತೆರಿಗೆ ಮತ್ತು ಲೆಕ್ಕಪತ್ರ ಸಲಹಾ ಕಚೇರಿ,
ಎರಡನೇ ಮಹಡಿ, ಕೇಶ್ವಾಪುರ, ಹುಬ್ಬಳ್ಳಿ

ಇವರಿಗೆ:
ಕಟ್ಟಡದ ಮಾಲೀಕರು,
ಕೇಶ್ವಾಪುರ, ಹುಬ್ಬಳ್ಳಿ

ವಿಷಯ: ಮಾಳಿಗೆಯ ಸೋರಿಕೆ ಹಾಗೂ ವಿದ್ಯುತ್ ದೋಷಗಳನ್ನು ಈವರೆಗೂ ದುರಸ್ತಿ ಮಾಡಿಸದೇ ಇರುವುದರಿಂದ ಕಚೇರಿ ಕೆಲಸಕ್ಕೆ ಆಗುತ್ತಿರುವ ತೊಂದರೆ.

ಮಾನ್ಯರೇ,

ಜೂನ್ 16ರಂದು ಮತ್ತು ಜುಲೈ 21ರಂದು ಇದೇ ವಿಷಯವಾಗಿ ತಮಗೆ ಪತ್ರ ಕೊಟ್ಟಿದ್ದೆವು. ಮೊದಲ ಪತ್ರದ ನಂತರ ತಾವು ಕಳಿಸಿದ ಗೌಂಡಿಯವರು ಮಾಳಿಗೆಯ ಬಿರುಕಿಗೆ ಸಿಮೆಂಟ್ ಹಾಲು ಸುರಿದು, ಕೆಳಗೆ ನಮ್ಮ ಛತ್ತಿನ ಕಲೆಯ ಮೇಲೆ ಬಣ್ಣ ಬಳಿದು ಹೋದರು. ಆ ಬಣ್ಣ ಎರಡು ವಾರದಲ್ಲಿ ಗುಳ್ಳೆಯೆದ್ದು ಉದುರಿತು. ಎರಡನೆಯ ಪತ್ರಕ್ಕೆ ಉತ್ತರವೇ ಬಂದಿಲ್ಲ.

ನಾವು ಮಾಳಿಗೆ ಹತ್ತಿ ನೋಡಿದಾಗ ಕಂಡದ್ದು ಇಷ್ಟು: ಕಳೆದ ವರ್ಷ ಹೊಸ ನೀರಿನ ಟ್ಯಾಂಕಿಗೆ ಕಟ್ಟೆ ಕಟ್ಟಿಸುವಾಗ ಮಳೆನೀರು ಹೋಗುವ ಎರಡು ತೂಬುಗಳಲ್ಲಿ ಒಂದು ಕಟ್ಟೆಯ ಅಡಿಯಲ್ಲಿ ಮುಚ್ಚಿಹೋಗಿದೆ, ಇನ್ನೊಂದರಲ್ಲಿ ಕಸ ಕಟ್ಟಿಕೊಂಡಿದೆ. ಹೀಗಾಗಿ ಮಳೆ ನಿಂತ ಮೇಲೂ ನಮ್ಮ ದಾಖಲೆ ಕೋಣೆಯ ನೆತ್ತಿಯ ಮೇಲೆ ನೀರು ನಿಂತೇ ಇರುತ್ತದೆ. ಆ ಕೋಣೆಯಲ್ಲಿ ಈಗ ಎರಡು ಬಕೆಟ್ ಇಟ್ಟಿದ್ದೇವೆ. ಗ್ರಾಹಕರ ಹಳೆಯ ಖಾತೆ ಪುಸ್ತಕಗಳಲ್ಲಿ ಹನ್ನೊಂದು ನೆನೆದು ಉಬ್ಬಿದ್ದು, ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಅವು ನಮ್ಮ ಸ್ವತ್ತಲ್ಲ. ನಂಬಿ ಕೊಟ್ಟವರಿಗೆ ನಾವು ಉತ್ತರ ಹೇಳಬೇಕಾಗಿದೆ.

ವಿದ್ಯುತ್ತಿನ ತೊಂದರೆಯನ್ನು ತಾವು ಪ್ರತಿಸಲವೂ ಹೆಸ್ಕಾಂ ಮೇಲೆ ಹಾಕುತ್ತಿದ್ದೀರಿ. ಆದರೆ ಆಗಸ್ಟ್ 6ರಂದು ನಮ್ಮ ದೂರಿನ ಮೇರೆಗೆ ಬಂದ ಹೆಸ್ಕಾಂ ಸಿಬ್ಬಂದಿ ಪರೀಕ್ಷಿಸಿ, ಕಂಬದಿಂದ ಬರುವ ಸರಬರಾಜು ಸರಿಯಾಗಿದೆಯೆಂದೂ, ನೆಲಮಹಡಿಯ ತಮ್ಮ ಮುಖ್ಯ ಪ್ಯಾನೆಲಿನಲ್ಲಿ ನ್ಯೂಟ್ರಲ್ ಜೋಡಣೆ ಸಡಿಲವಾಗಿ ಸುಟ್ಟು ಕಪ್ಪಾಗಿದೆಯೆಂದೂ ತಮ್ಮ ಕಾವಲುಗಾರರ ಎದುರಿಗೇ ತೋರಿಸಿದ್ದಾರೆ. ಕೆಳಗಿನ ಅಂಗಡಿಯಲ್ಲಿ ದೀಪ ಮಂಕಾದಾಗ ನಮ್ಮಲ್ಲಿ ಕಣ್ಣು ಕೋರೈಸುವಷ್ಟು ಉರಿಯುವುದಕ್ಕೆ ಇದೇ ಕಾರಣ. 230 ವೋಲ್ಟ್ ಇರಬೇಕಾದಲ್ಲಿ ನಮ್ಮ ಯುಪಿಎಸ್ ಒಮ್ಮೊಮ್ಮೆ 280 ದಾಟಿ ತೋರಿಸುತ್ತದೆ. ಈ ಏರಿಳಿತಕ್ಕೆ ಒಂದು ಪ್ರಿಂಟರ್ ಮತ್ತು ಎರಡು ಕಂಪ್ಯೂಟರುಗಳ ಪವರ್ ಸಪ್ಲೈ ಸುಟ್ಟಿದ್ದು, ದುರಸ್ತಿಗೆ ₹14,600 ಖರ್ಚಾಗಿದೆ. ರಸೀದಿಗಳ ಪ್ರತಿ ಲಗತ್ತಿಸಿದೆ.

ಸೋರಿಕೆ ಮತ್ತು ವಿದ್ಯುತ್ ದೋಷ ಬೇರೆ ಬೇರೆಯೆಂದು ಭಾವಿಸಿ ಒಂದನ್ನು ಈಗ, ಇನ್ನೊಂದನ್ನು ಆಮೇಲೆ ನೋಡೋಣವೆನ್ನುವಂತಿಲ್ಲ. ಛತ್ತಿನ ನೀರು ವೈರಿಂಗ್ ಪೈಪಿನೊಳಗೆ ಇಳಿದು, ದಾಖಲೆ ಕೋಣೆಯ ಸ್ವಿಚ್ ಬೋರ್ಡಿನವರೆಗೆ ಬರುತ್ತಿದೆ. ಜೋರು ಮಳೆಯಾದ ದಿನ, ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ನಮ್ಮ ಮಹಡಿಯ ಆರ್‌ಸಿಸಿಬಿ ಸ್ವಿಚ್ ಬೀಳುವುದು ಇದರಿಂದಲೇ. ಆಗಸ್ಟ್ 18ರಂದು ಆ ಬೋರ್ಡಿನ ಪಕ್ಕದ ಒದ್ದೆ ಗೋಡೆಗೆ ಕೈಯಿಟ್ಟ ನಮ್ಮ ಸಹಾಯಕಿಗೆ ಶಾಕ್ ಹೊಡೆಯಿತು. ಪುಣ್ಯಕ್ಕೆ ಅಪಾಯವಾಗಲಿಲ್ಲ. ಅಂದಿನಿಂದ ಆ ಕೋಣೆಯ ಸಂಪರ್ಕವನ್ನು ತೆಗೆಸಿ, ಟಾರ್ಚ್ ಹಿಡಿದು ಕಡತ ಹುಡುಕುತ್ತಿದ್ದೇವೆ.

ಆಗಸ್ಟ್ 20 ಗ್ರಾಹಕರ ತಿಂಗಳ ಜಿಎಸ್‌ಟಿ ವಿವರವಾದ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೆಯ ದಿನವಾಗಿತ್ತು. ಅಂದು ಮಧ್ಯಾಹ್ನದಿಂದ ಸಂಜೆಯವರೆಗೆ ಐದು ಸಲ ವಿದ್ಯುತ್ ಹೋಗಿ, ಕೊನೆಗೆ ಸಿಬ್ಬಂದಿ ಲ್ಯಾಪ್‌ಟಾಪ್ ಹೊತ್ತು ತಮ್ಮ ತಮ್ಮ ಮನೆಗಳಲ್ಲಿ ಕುಳಿತು ರಾತ್ರಿಯವರೆಗೆ ಕೆಲಸ ಮಾಡಿದರೂ ಮೂವರು ಗ್ರಾಹಕರ ವಿವರ ಉಳಿದುಹೋಯಿತು. ದಿನಕ್ಕೆ ₹50ರಂತೆ ಬೀಳುವ ಅವರ ವಿಳಂಬ ಶುಲ್ಕವನ್ನು ನಾವೇ ಭರಿಸುತ್ತಿದ್ದೇವೆ. ಮೊತ್ತ ಸಣ್ಣದು, ಹೋದ ವಿಶ್ವಾಸ ಸಣ್ಣದಲ್ಲ. ಸೆಪ್ಟೆಂಬರ್ 15ಕ್ಕೆ ಆದಾಯ ತೆರಿಗೆ ವಿವರಗಳನ್ನು ಸಲ್ಲಿಸುವ ಗಡುವು ಇರುವುದರಿಂದ ಮುಂದಿನ ಮೂರು ವಾರ ನಮಗೆ ವರ್ಷದಲ್ಲೇ ಅತಿ ಒತ್ತಡದ ದಿನಗಳು.

ನಮ್ಮ ಬಾಡಿಗೆ ಕರಾರಿನ 9ನೇ ಕಲಮಿನ ಪ್ರಕಾರ ಛತ್ತು, ಹೊರಗೋಡೆ ಮತ್ತು ಮುಖ್ಯ ವೈರಿಂಗಿನ ದುರಸ್ತಿ ಮಾಲೀಕರ ಹೊಣೆ. ತಿಂಗಳ ಬಾಡಿಗೆ ₹42,000 ಮತ್ತು ನಿರ್ವಹಣಾ ವೆಚ್ಚ ₹3,500ನ್ನು ನಾವು ಒಂದು ತಿಂಗಳೂ ತಪ್ಪಿಸಿಲ್ಲ. ಆದ್ದರಿಂದ ಮುಖ್ಯ ಪ್ಯಾನೆಲಿನ ನ್ಯೂಟ್ರಲ್ ಜೋಡಣೆಯನ್ನು ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರಿಂದ ಆಗಸ್ಟ್ 25ರೊಳಗೆ ಸರಿಪಡಿಸಬೇಕೆಂದೂ, 29ರೊಳಗೆ ತೂಬುಗಳನ್ನು ತೆರವುಗೊಳಿಸಿ, ಮಾಳಿಗೆಗೆ ತಾತ್ಕಾಲಿಕವಾಗಿ ತಾಡಪತ್ರಿ ಹೊದಿಸಿ, ನೀರು ಹೊಕ್ಕ ವೈರುಗಳನ್ನು ಬದಲಾಯಿಸಿಕೊಡಬೇಕೆಂದೂ ಕೋರುತ್ತೇವೆ. ಒದ್ದೆ ಛತ್ತಿನ ಮೇಲೆ ಈಗಲೇ ವಾಟರ್‌ಪ್ರೂಫಿಂಗ್ ಮಾಡಿಸಿದರೆ ನಿಲ್ಲುವುದಿಲ್ಲವೆಂಬುದು ನಮಗೂ ಗೊತ್ತು. ಅದನ್ನು ಮಳೆಗಾಲ ಮುಗಿದು ಛತ್ತು ಒಣಗಿದ ಮೇಲೆ ಮಾಡಿಸುವುದಾಗಿ ದಿನಾಂಕ ನಮೂದಿಸಿ ಬರೆದುಕೊಟ್ಟರೆ ಸಾಕು. 27ರಂದು ಗಣೇಶ ಚೌತಿ. ಹಬ್ಬಕ್ಕೆ ಕೆಲಸದವರು ಸಿಗುವುದು ಕಷ್ಟವೆಂಬುದನ್ನು ಬಲ್ಲೆವು, ಆದರೆ ನ್ಯೂಟ್ರಲ್ ಜೋಡಣೆ ಅಷ್ಟು ದಿನ ಕಾಯುವಂಥದ್ದಲ್ಲ.

ಈ ಅವಧಿಯಲ್ಲಿ ಕೆಲಸ ಆಗದಿದ್ದರೆ, ಸ್ವತ್ತು ವರ್ಗಾವಣೆ ಅಧಿನಿಯಮ 1882ರ 108(ಎಫ್) ಪ್ರಕಾರ ನಾವೇ ದುರಸ್ತಿ ಮಾಡಿಸಿ, ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬೇಕಾಗುತ್ತದೆ. ಈ ಪತ್ರವನ್ನು ಅದಕ್ಕೆ ಪೂರ್ವಸೂಚನೆಯೆಂದು ಪರಿಗಣಿಸಬೇಕು. ಆರು ವರ್ಷಗಳ ಒಡನಾಟದಲ್ಲಿ ಅಂಥ ಸಂದರ್ಭ ಬಂದಿಲ್ಲ. ಈಗಲೂ ಬಾರದಿರಲಿ ಎಂಬುದೇ ನಮ್ಮ ಅಪೇಕ್ಷೆ. ತಾವು ಸೋಮವಾರ ಬೆಳಿಗ್ಗೆ 11 ಗಂಟೆಗೆ ಖುದ್ದಾಗಿ ಬಂದರೆ ಮಾಳಿಗೆ ಮತ್ತು ಪ್ಯಾನೆಲ್ ಎರಡನ್ನೂ ಜೊತೆಗೇ ನೋಡಬಹುದು.

ತಮ್ಮ ವಿಶ್ವಾಸಿ,
ಕಚೇರಿ ವ್ಯವಸ್ಥಾಪಕರು

ಲಗತ್ತು: ಹಿಂದಿನ ಎರಡು ಪತ್ರಗಳ ಪ್ರತಿ, ಸೋರಿಕೆ ಮತ್ತು ಪ್ಯಾನೆಲಿನ ಫೋಟೊಗಳು, ದುರಸ್ತಿ ರಸೀದಿಗಳು.