ನಾರಾಯಣಸ್ವಾಮಿ ಸರ್ ಬೀಳ್ಕೊಡುಗೆಯಲ್ಲಿ ಆಡಿದ ಮಾತು

ವೇದಿಕೆ ಮೇಲಿರುವ ಹಿರಿಯರಿಗೆ, ಇಲಾಖೆಯ ಗೆಳೆಯರಿಗೆ, ಸೊಪ್ಪು ಹಾಕಿ ಮುಗಿಸಿ ಬಂದಿರುವ ರೈತರಿಗೆ, ಗೂಡಿಂದ ನೂಲು ತೆಗೆಯುವ ರೀಲರ್ ಅಣ್ಣಂದಿರಿಗೆ, ಮುಂದಿನ ಸಾಲಿನಲ್ಲಿ ಕೂತಿರುವ ಸರ್ ಮನೆಯವರಾದ ಅಕ್ಕನಿಗೆ ನಮಸ್ಕಾರ.

ನಾರಾಯಣಸ್ವಾಮಿ ಸರ್, ನಿಮಗೆ ಗೊತ್ತಿಲ್ಲದ ಒಂದು ವಾಟ್ಸಾಪ್ ಗ್ರೂಪ್ ಈ ತಿಂಗಳೆಲ್ಲಾ ನಡೆದಿದೆ. ನಿಮ್ಮನ್ನು ಬಿಟ್ಟು ಶಿಡ್ಲಘಟ್ಟದ ರೇಷ್ಮೆಯವರೆಲ್ಲಾ ಅದರಲ್ಲಿದ್ದಾರೆ. ಶಾಲು, ಹಾರ, ಊಟದ ಲೆಕ್ಕ ಮಾಡೋಣ ಅಂತ ಶುರು ಮಾಡಿದ ಗ್ರೂಪು. ಲೆಕ್ಕ ಒಂದೇ ದಿನಕ್ಕೆ ಮುಗಿಯಿತು. ಆಮೇಲೆ ಬಂದದ್ದೆಲ್ಲಾ ನಿಮ್ಮ ಮೇಲಿನ ಜೋಕು. "ಇದನ್ನೇ ಭಾಷಣ ಮಾಡಿಬಿಡಮ್ಮ" ಅಂತ ನನಗೆ ಅಂಟಿಸಿದರು. ಮೈಕಿನಲ್ಲಿ ಹೇಳಬಹುದಾದದ್ದನ್ನು ಮಾತ್ರ ಆರಿಸಿಕೊಂಡು ಬಂದಿದ್ದೇನೆ. ಮಿಕ್ಕಿದ್ದನ್ನು ಊಟದ ಹೊತ್ತಿಗೆ ಡ್ರೈವರ್ ಅಣ್ಣನನ್ನು ಕೇಳಿ.

ಮೊದಲ ಜೋಕು ಇವತ್ತಿನ ತಾರೀಖಿನದು. ಇವತ್ತು ಮೇ 31. ರಾಜ್ಯದಲ್ಲಿ ಎಷ್ಟು ಕಚೇರಿಗಳಲ್ಲಿ ಇವತ್ತು ಇದೇ ಶಾಲು, ಇದೇ ಹಾರ ಇರಬಹುದು, ಯೋಚಿಸಿ. ಆಗಿನ ಮೇಷ್ಟ್ರುಗಳು ಶಾಲೆಗೆ ಬಂದ ಮಗುವಿಗೆಲ್ಲಾ ಜೂನ್ 1 ಅಂತ ಹುಟ್ಟಿದ ದಿನ ಬರೆದುಬಿಡುತ್ತಿದ್ದರು. ನಮ್ಮ ಸರ್ ಹುಟ್ಟಿದ್ದು ಗೌರಿ ಹಬ್ಬದ ಆಸುಪಾಸು ಅಂತ ಅವರ ತಾಯಿ ಹೇಳುತ್ತಿದ್ದರಂತೆ. ಹಾಗಾದರೆ ಇನ್ನೂ ಮೂರು ತಿಂಗಳು ಸರ್ವಿಸ್ ಬಾಕಿ ಇದೆ, ಕಳಿಸೋದು ಬೇಡ ಅಂತ ಗ್ರೂಪಿನಲ್ಲಿ ಒಂದು ದಿನ ಗಲಾಟೆಯೇ ಆಯಿತು. ಕೇಸ್ ವರ್ಕರ್ ಒಂದೇ ಸಾಲಿನಲ್ಲಿ ಉತ್ತರ ಕೊಟ್ಟರು: "ಪಿಂಚಣಿ ಕಾಗದ ಹೋಗಿ ಆಗಿದೆ, ಸುಮ್ನೆ ಇರಿ."

ಎರಡನೆಯದು, ಸರ್ ಮೀಟಿಂಗಿನಲ್ಲಿ ಜ್ವರಕ್ಕೆ ಕೂರುತ್ತಾರೆ ಅನ್ನುವುದು. ಬೆಂಗಳೂರಿಂದ ಬಂದಿರುವ ನೆಂಟರು ಗಾಬರಿಯಾಗಬೇಡಿ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನೋದು ನಿಲ್ಲಿಸಿ, ತಲೆ ಮೇಲೆತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಹುಳುವಿಗೆ ನಾಲ್ಕು ಜ್ವರ. ನಮ್ಮ ಸರ್‌ಗೆ ಪ್ರತಿ ಮೀಟಿಂಗಿಗೂ ಒಂದು. ಪ್ರಗತಿ ವರದಿ ಓದೋಕೆ ಶುರುವಾದರೆ ಸಾಕು, ತಲೆ ಮೇಲೆ, ಕಣ್ಣು ಅರ್ಧ. ಯಾರಾದರೂ "ಅಲ್ಲಿ ಹುಳು ಸಾಯ್ತಿದೆಯಂತೆ" ಅಂದರೆ ಮಾತ್ರ ಜ್ವರ ಬಿಟ್ಟು, "ಯಾವ ಊರು? ಎಷ್ಟನೇ ಹಂತ?" ಅಂತ ಎದ್ದು ನಿಂತೇಬಿಡುತ್ತಾರೆ.

ಇನ್ನೊಬ್ಬರು, "ಸರ್ ಹಣ್ಣಾದರು, ಇನ್ನು ಚಂದ್ರಿಕೆಗೆ ಬಿಡೋಣ" ಅಂತ ಬರೆದರು. ಹಣ್ಣಾದ ಹುಳುವನ್ನು ಗೂಡು ಕಟ್ಟೋಕೆ ಬಿಡುವ ತಟ್ಟೆಯೇ ಚಂದ್ರಿಕೆ. ಎಲ್ಲರೂ ನಕ್ಕಿದ್ದೂ ಆಯಿತು. ಆಗ ಒಬ್ಬ ರೀಲರ್ ಅಣ್ಣ ಬಂದು, "ಗೂಡು ಕಟ್ಟಿದ ಮೇಲೆ ನಾವು ಏನು ಮಾಡ್ತೀವಿ ಗೊತ್ತಲ್ವಾ? ಈ ಜೋಕು ಬೇಡ" ಅಂದರು. ಸರಿ, ಬೇಡ. ವಾಪಸ್ ತಗೊಂಡಿದ್ದೇವೆ.

ಕೈ ತೊಳೆಯುವ ಜೋಕುಗಳನ್ನಂತೂ ಎಣಿಸೋಕೇ ಆಗಲ್ಲ. ಹುಳುಮನೆ ಬಾಗಿಲಲ್ಲಿ ಸರ್ ಯಾರನ್ನೂ ಬಿಟ್ಟವರಲ್ಲ. ಚಪ್ಪಲಿ ಹೊರಗೆ, ಕೈಗೆ ಬ್ಲೀಚಿಂಗ್ ನೀರು, ಆಮೇಲೆ ಒಳಗೆ. ಮೇಲಿನವರು ಬೂಟು ಹಾಕಿಕೊಂಡು ತಪಾಸಣೆಗೆ ಬಂದರೂ ಅದೇ ಮಾತು, ಸ್ವಲ್ಪ ಮರ್ಯಾದೆ ಸೇರಿಸಿ. ನಮ್ಮಲ್ಲೊಬ್ಬರ ಗೃಹಪ್ರವೇಶಕ್ಕೆ ಬಂದವರು ಹೊಸಿಲು ದಾಟುವ ಮುಂಚೆ ಅಭ್ಯಾಸಬಲದಿಂದ "ಬಕೆಟ್ ಎಲ್ಲಿ?" ಅಂತ ಕೇಳಿದ್ದು ನಿಜ. ಆ ಮನೆಯವರು ಇಲ್ಲೇ ಕೂತಿದ್ದಾರೆ, ಬೇಕಾದರೆ ಕೇಳಿ.

ಆದರೆ ಹಾಲು ರೋಗವೋ ಸುಣ್ಣಕಟ್ಟೋ ಬಂದು ಇಡೀ ಬೆಳೆಯನ್ನು ತಿಪ್ಪೆಗೆ ಸುರಿದ ಮನೆಯನ್ನು ಒಂದು ಸಲ ನೋಡಿದವರು ಈ ಜೋಕಿಗೆ ಅರ್ಧ ಮಾತ್ರ ನಗುತ್ತಾರೆ. ಸಾವಿರ ಅಡಿ ಕೊರೆಸಿದರೂ ನೀರಿನ ನಂಬಿಕೆ ಇಲ್ಲದ ಸೀಮೆ ನಮ್ಮದು. ಆ ನೀರಲ್ಲಿ ಸೊಪ್ಪು ಬೆಳೆದು, ಮನೆಮಂದಿಯೆಲ್ಲಾ ನಿದ್ದೆಗೆಟ್ಟು ಸಾಕಿದ ಹುಳು ಅದು.

ಒಂದು ದಿನ ಮಾರುಕಟ್ಟೆಯಲ್ಲಿ ನಡೆದದ್ದು ಹೇಳಬೇಕು. ನಾನು ಕೆಲಸಕ್ಕೆ ಹೊಸಬಳು. ಒಬ್ಬ ಹುಡುಗ ಬೈವೋಲ್ಟೀನ್ ಗೂಡಿನ ಲಾಟು ಹಾಕಿಕೊಂಡು ನಿಂತಿದ್ದ. ರೇಟು ಏರುತ್ತಿರಲಿಲ್ಲ. ರೀಲರುಗಳು ಒಂದು ಹಿಡಿ ಎತ್ತಿ ನೋಡಿ ಮುಂದೆ ಹೋಗುತ್ತಿದ್ದರು. ಹುಡುಗ ಸಿಟ್ಟಿನಲ್ಲಿದ್ದ, ಎಲ್ಲಾ ಸೇರಿ ಮೋಸ ಮಾಡುತ್ತಿದ್ದಾರೆ ಅಂತ. ಸರ್ ಏನೂ ಮಾತಾಡದೆ ಒಂದು ಗೂಡು ತಗೊಂಡು ಕಿವಿ ಹತ್ತಿರ ಅಲ್ಲಾಡಿಸಿದರು. ಸದ್ದಿಲ್ಲ. ಇನ್ನೊಂದು ತಗೊಂಡು ಹುಡುಗನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಅದರಲ್ಲೂ ಇಲ್ಲ. ಪಕ್ಕದ ಲಾಟಿನ ಗೂಡು ಅಲ್ಲಾಡಿಸಿದರು, ಒಳಗೆ ಕೋಶ ಗಟ್ಟಿಯಾಗಿ ಟಕಟಕ ಅಂದಿತು. ಆಮೇಲೆ ಜೇಬಿನಿಂದ ಬ್ಲೇಡು ತೆಗೆದು ಅವನ ಗೂಡನ್ನೇ ಸೀಳಿ ತೋರಿಸಿದರು. ಒಳಗೆ ಇನ್ನೂ ಮೆತ್ತಗಿನ ಹುಳು. "ಇನ್ನೆರಡು ದಿನ ತಡೀಬೇಕಿತ್ತಪ್ಪ. ದುಡ್ಡಿಗೆ ಅವಸರ ಇತ್ತಾ?" ಅಂದರು. ಹುಡುಗ ತಲೆ ಅಲ್ಲಾಡಿಸಿದ, ಅಕ್ಕನ ಆಸ್ಪತ್ರೆ ಖರ್ಚು ಅಂದ. ಸರ್ ಅವನಿಗೆ ಬುದ್ಧಿ ಹೇಳಲಿಲ್ಲ. ಎರಡು ಅರ್ಧ ಟೀ ತರಿಸಿ, ಅವನ ಮುಂದಿನ ಬೆಳೆಗೆ ಚಾಕಿ ಮರಿಹುಳು ಯಾವತ್ತು ಬರುತ್ತೆ ಅಂತ ತಾರೀಖು ಬರೆದುಕೊಂಡರು. ಅವತ್ತಿಂದ ಆ ತೋಟಕ್ಕೆ ಎಷ್ಟು ಸಲ ಹೋಗಿದ್ದಾರೋ ಅವರ ಬೈಕಿಗೇ ಗೊತ್ತು.

ತೆಲುಗಿನ ವಿಷಯವೂ ಗ್ರೂಪಿನಲ್ಲಿ ಬಂತು. ಸರ್ ತೆಲುಗಿನಲ್ಲಿ ಬೈದರೆ ಪ್ರೀತಿ ಜಾಸ್ತಿ ಅಂತ ಅರ್ಥ. ಕನ್ನಡದಲ್ಲಿ ಬೈದರೆ ಸ್ವಲ್ಪ ಹುಷಾರಾಗಿರಬೇಕು. "ತಾವು" ಅಂದರೋ, ಫೈಲು ತಗೊಂಡು ಓಡಬೇಕು.

1989ರಲ್ಲಿ ರೇಷ್ಮೆ ಪ್ರದರ್ಶಕರಾಗಿ ಸೇರಿದವರು ಇವತ್ತು ವಿಸ್ತರಣಾಧಿಕಾರಿಯಾಗಿ ಹೊರಡುತ್ತಿದ್ದಾರೆ. ನಡುವಿನ ಬಡ್ತಿ, ವರ್ಗಾವಣೆ ಎಲ್ಲಾ ಸರ್ವಿಸ್ ರಿಜಿಸ್ಟರಿನಲ್ಲಿದೆ, ನಾನು ಓದೋದಿಲ್ಲ. ಎಂ-5 ತಳಿಯ ಹಿಪ್ಪುನೇರಳೆ ಇದ್ದ ಎಷ್ಟೋ ತೋಟಗಳಿಗೆ ವಿ-1 ತಳಿಯ ಕಡ್ಡಿ ಹೋಗಿದ್ದು ಇವರ ಬೈಕಿನ ಹಿಂದೆ ಕಟ್ಟಿಕೊಂಡು ಅಂತ ಒಬ್ಬ ಹಿರಿಯ ರೈತರು ಗ್ರೂಪಿಗೆ ವಾಯ್ಸ್ ಮೆಸೇಜ್ ಕಳಿಸಿದ್ದರು. ಅದು ರಿಜಿಸ್ಟರಿನಲ್ಲಿ ಇರಲ್ಲ, ಅದಕ್ಕೇ ಹೇಳಿದೆ.

2020ರ ಲಾಕ್‌ಡೌನ್ ನೆನಪಿದೆ ಅಲ್ವಾ? ಗೂಡಿನ ಬೆಲೆ ಬಿದ್ದಿತ್ತು, ರಸ್ತೆಯಲ್ಲಿ ಬ್ಯಾರಿಕೇಡು. "ಹುಳುಗೆ ಲಾಕ್‌ಡೌನ್ ಗೊತ್ತೇನಮ್ಮ?" ಅಂತ ಹೇಳಿ ಪಾಸು ಜೇಬಿಗಿಟ್ಟುಕೊಂಡು ಹೊರಟುಬಿಡುತ್ತಿದ್ದರು. ಅಕ್ಕ, ಆ ದಿನಗಳಲ್ಲಿ ನೀವು ಎಷ್ಟು ಹೆದರಿದ್ದಿರಿ ಅಂತ ನಮಗೆ ಫೋನಿನಲ್ಲಿ ಹೇಳಿದ್ದೀರಿ, ಅವರಿಗೆ ಹೇಳಿರಲಿಲ್ಲ. ಆಮೇಲೂ ಅವರ ಡಬ್ಬಿಯ ಹಿತಕಬೇಳೆ ಸಾರಿನಲ್ಲಿ ನಮಗೂ ಪಾಲು ಬರುತ್ತಿತ್ತು. ಆ ಸಾಲ ತೀರಿಸೋಕೆ ಈ ಶಾಲು ಸಾಲದು.

ಉಡುಗೊರೆಗೆ ಗೋಡೆ ಗಡಿಯಾರ ಅಂತ ಒಬ್ಬರು ಹೇಳಿದರು. ಬೆಳಗಿನ ಜಾವಕ್ಕೇ ಕಚೇರಿ ಗ್ರೂಪಿನಲ್ಲಿ ಶುಭೋದಯ ಹಾಕುವವರಿಗೆ ಗಡಿಯಾರ ಯಾಕೆ ಅಂತ ಆ ಮಾತು ಬಿದ್ದುಹೋಯಿತು. ಕೊನೆಗೆ ಪವರ್ ಸ್ಪ್ರೇಯರ್ ತಂದಿದ್ದೇವೆ. ನಾಳೆಯಿಂದ ಸರ್ ತಮ್ಮ ಒಂದು ಎಕರೆಯಲ್ಲಿ ತಾವೇ ಹುಳು ಸಾಕುತ್ತಾರಂತೆ. ಬಹಳ ಒಳ್ಳೇದು ಸರ್. ನಾವೆಲ್ಲಾ ಬೂಟು ಹಾಕಿಕೊಂಡೇ ತಪಾಸಣೆಗೆ ಬರುತ್ತೇವೆ. ಬಾಗಿಲಲ್ಲಿ ಬಕೆಟ್ ಇಲ್ಲದಿದ್ದರೆ ಗ್ರೂಪಿನಲ್ಲಿ ಫೋಟೋ ಹಾಕುತ್ತೇವೆ, ಈಗ ನಿಮ್ಮನ್ನೂ ಸೇರಿಸಿದ್ದೇವೆ.

ಈಗ ಸರ್ ಮಾತಾಡುತ್ತಾರೆ. ಆಮೇಲೆ ಯಾರೂ ಎದ್ದು ಹೋಗಬೇಡಿ, ಮುದ್ದೆ ಬಿಸಿ ಇದೆ. ಸರ್, ಸ್ಟೋರಿನ ಬೀರು ಕೀ ಇನ್ನೂ ನಿಮ್ಮ ಜೇಬಲ್ಲೇ ಇದೆಯಂತೆ, ಚಾರ್ಜ್ ಪಟ್ಟಿಗೆ ಸಹಿ ಹಾಕುವಾಗ ಕೊಟ್ಟುಬಿಡಿ.