ದಕ್ಷತೆಯನ್ನು ಎಲ್ಲಿ ಅಳೆಯುತ್ತಿದ್ದೇವೆ?

ಮೀಸಲಾತಿ ಅಂದ ತಕ್ಷಣ "ಹಾಗಾದ್ರೆ ಮೆರಿಟ್‌ಗೆ ಬೆಲೆನೇ ಇಲ್ವಾ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಇದು ನೂರು ವರ್ಷ ಹಳೆಯ ಪ್ರಶ್ನೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೆ ಪಾಲು ಕೊಡುವುದನ್ನು ಪರಿಶೀಲಿಸಲು ಮಿಲ್ಲರ್ ಸಮಿತಿ ನೇಮಿಸಿದಾಗ ದಿವಾನ ವಿಶ್ವೇಶ್ವರಯ್ಯನವರಿಗೂ ಇದೇ ಆತಂಕವಿತ್ತು. ಜಾತಿ ನೋಡಿ ಕೆಲಸ ಕೊಟ್ಟರೆ ಆಡಳಿತ ಕೆಡುತ್ತದೆ ಅನ್ನುವುದು ಅವರ ವಾದ, ಕೊನೆಗೆ ಹುದ್ದೆಯನ್ನೇ ಬಿಟ್ಟರು. 1921ರಲ್ಲಿ ಮೀಸಲಾತಿ ಜಾರಿಗೆ ಬಂತು. ಮೈಸೂರಿನ ಆಡಳಿತಕ್ಕೆ ಆಮೇಲೂ ಒಳ್ಳೆಯ ಹೆಸರೇ ಇತ್ತು.

ನ್ಯಾಯದ ವಾದ ಸರಳ. ಸರ್ಕಾರಿ ಕೆಲಸ ಅಂದರೆ ಬರೀ ಸಂಬಳ ಅಲ್ಲ, ಅದು ಅಧಿಕಾರ. ತಲೆಮಾರುಗಟ್ಟಲೆ ಅಕ್ಷರದಿಂದಲೇ ದೂರ ಇಟ್ಟವರನ್ನು ಇವತ್ತು "ಬಾ, ಎಲ್ಲರಿಗೂ ಒಂದೇ ಪರೀಕ್ಷೆ" ಅಂತ ಕರೆದರೆ ಅದು ಸಮಾನತೆ ಹೇಗಾಗುತ್ತದೆ? ಅಂಕಪಟ್ಟಿಯಲ್ಲಿ ಹುಡುಗಿಯ ಬುದ್ಧಿ ಮಾತ್ರ ಇರುವುದಿಲ್ಲ, ಕೋಚಿಂಗ್‌ಗೆ ಕಟ್ಟಿದ ದುಡ್ಡು, ಓದಲು ಸಿಕ್ಕ ಒಂದು ಕೋಣೆ, ಅರ್ಜಿ ತುಂಬುವುದು ಹೇಗೆ ಅಂತ ಗೊತ್ತಿದ್ದ ಅಪ್ಪ, ಎಲ್ಲವೂ ಸೇರಿರುತ್ತದೆ.

ದಕ್ಷತೆಯ ಪ್ರಶ್ನೆಯನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಸಂವಿಧಾನದ 335ನೇ ವಿಧಿಯೇ ಆಡಳಿತದ ದಕ್ಷತೆಯ ಮಾತಾಡುತ್ತದೆ. ಆದರೆ ಅದನ್ನು ಬಾಗಿಲಲ್ಲಿ ಅಳೆಯಬೇಕೋ ಒಳಗೆ ನಡೆಯುವ ಕೆಲಸದಲ್ಲೋ? ಅರ್ಥಶಾಸ್ತ್ರಜ್ಞರಾದ ಅಶ್ವಿನಿ ದೇಶಪಾಂಡೆ ಮತ್ತು ಥಾಮಸ್ ವೈಸ್ಕಾಫ್ ಭಾರತೀಯ ರೈಲ್ವೆಯ ಅಂಕಿಅಂಶ ಹಿಡಿದು ಇದನ್ನೇ ನೋಡಿದರು. ಮೀಸಲಾತಿಯಿಂದ ಉತ್ಪಾದಕತೆ ಕುಸಿದಿದ್ದಕ್ಕೆ ಪುರಾವೆ ಸಿಗಲಿಲ್ಲ, ಮೇಲಿನ ದರ್ಜೆಯ ಹುದ್ದೆಗಳಲ್ಲಿ ಒಳ್ಳೆಯದೇ ಆಗಿರುವ ಸೂಚನೆ ಇತ್ತು. ಒಂದು ಇಲಾಖೆಯ ಅಧ್ಯಯನ ಎಲ್ಲದಕ್ಕೂ ಉತ್ತರವಲ್ಲ, ನಿಜ. ಆದರೂ ಸುಮ್ನೆ ಊಹೆ ಮೇಲೆ ಜಗಳ ಆಡುವುದಕ್ಕಿಂತ ಜಾಸ್ತಿ ಉಪಯೋಗ, ಅಲ್ವಾ? ಅಷ್ಟಕ್ಕೂ ಜನರ ಕಷ್ಟ ಅರ್ಥವಾಗುವ ಅಧಿಕಾರಿ ಇರುವುದೂ ದಕ್ಷತೆಯೇ.

ಇನ್ನು ಮೀಸಲಾತಿಯ ಪರ ಇರುವ ನಮ್ಮದೇ ತಪ್ಪಿಗೆ ಬರೋಣ. ಸೀಟು ಕೊಡಿಸಿದರೆ ಕೆಲಸ ಮುಗೀತು ಅಂದುಕೊಂಡುಬಿಟ್ಟಿದ್ದೇವೆ. ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್ ಸೇರಿದವನು ಮೊದಲ ಸೆಮಿಸ್ಟರಿನಲ್ಲೇ ಇಂಗ್ಲಿಷಿಗೆ ಹೆದರಿ ಕೂತರೆ, ಅವನನ್ನು ಕೇಳುವವರಿಲ್ಲ. ಸುಪ್ರೀಂ ಕೋರ್ಟಿನ 1992ರ ಇಂದ್ರಾ ಸಾಹ್ನಿ ತೀರ್ಪು ಹಿಂದುಳಿದ ವರ್ಗಗಳ ಕೆನೆಪದರವನ್ನು, ಅಂದರೆ ಆ ವರ್ಗಗಳಲ್ಲೇ ಮುಂದೆ ಬಂದ ಅನುಕೂಲಸ್ಥರನ್ನು, ಹೊರಗಿಡಿ ಅಂದಿತು, ಈಗ ಕೇಂದ್ರದ ನಿಯಮದಲ್ಲಿ ಆದಾಯ ಮಿತಿ ವರ್ಷಕ್ಕೆ 8 ಲಕ್ಷ. ಸಂಬಳ ಮತ್ತು ಕೃಷಿ ಆದಾಯವನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ ಅನ್ನುವುದು ಎಷ್ಟು ಜನರಿಗೆ ಗೊತ್ತು? ಅಲ್ಲಿಂದಲೇ ಸರಿಪಡಿಸಲು ಶುರು ಮಾಡಬಹುದು. ಜೊತೆಗೆ ಮೀಸಲಿಟ್ಟರೂ ಭರ್ತಿಯಾಗದೆ ಉಳಿದ ಬ್ಯಾಕ್‌ಲಾಗ್ ಹುದ್ದೆಗಳನ್ನು ತುಂಬಲು ಗಡುವು, ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಸಂಜೆ ಭಾಷೆ ಮತ್ತು ಗಣಿತದ ತರಗತಿ, ಅದಕ್ಕೆ ಬಜೆಟ್‌ನಲ್ಲೇ ಪ್ರತ್ಯೇಕ ದುಡ್ಡು.