ರಣ ಬಿಸಿಲಿಗೆ ತಣ್ಣನೆ ಮಜ್ಜಿಗೆ, ಬರ್ರಿ!

ಕಲಬುರಗಿ ಬಿಸಿಲು 40 ಡಿಗ್ರಿ ದಾಟಿದರೆ ನೆರಳೂ ನೆರಳು ಹುಡುಕುತ್ತದೆ, ಅಲ್ವಾ? ಶರಣಬಸವೇಶ್ವರ ಗುಡಿಗೆ ಹೋಗುವ ದಾರಿಯಲ್ಲಿ, ಬೇವಿನ ಮರದ ಕೆಳಗೆ ನೀಲಿ ಬಾಗಿಲಿನ ಅಂಗಡಿ ನಮ್ಮದು.

ಮೊದಲು ಮಜ್ಜಿಗೆ. ಬೆಳಿಗ್ಗೆ ಕಡೆದದ್ದು. ಹುರಿದ ಜೀರಿಗೆ ಪುಡಿ, ಉಪ್ಪು, ಜಜ್ಜಿದ ಶುಂಠಿ, ಕೊತ್ತಂಬರಿ ಬಿದ್ದು ಮಣ್ಣಿನ ಗಡಿಗೆಯಲ್ಲಿ ತಣ್ಣಗೆ ಕೂತಿರುತ್ತದೆ. ಬೆವರಿನಲ್ಲಿ ಹೋದ ನೀರು, ಉಪ್ಪು ಎರಡೂ ಸ್ವಲ್ಪ ವಾಪಸ್ ಬರುತ್ತವೆ. ಲೋಟಕ್ಕೆ 15 ರೂಪಾಯಿ. ಮೂರು ಗಂಟೆಗೇ ಗಡಿಗೆ ಖಾಲಿ ಆಗಬಹುದು. ಆದರೆ ನಿನ್ನೆಯದನ್ನು ಮಾತ್ರ ಕೊಡುವುದಿಲ್ಲ.

ಲಿಂಬು ಸೋಡಾ 25 ರೂಪಾಯಿ. ಸಿಹಿನಾ, ಉಪ್ಪಾ, ನೀವೇ ಹೇಳಿ. ಐಸ್ ಫಿಲ್ಟರ್ ನೀರಿನದು.

ಐಸ್‌ಕ್ರೀಮ್ ತಿಂದರೆ ಬಾಯಾರಿಕೆ ಹೋಗುತ್ತದೆ ಅಂತ ಸುಮ್ನೆ ಹೇಳುವುದಿಲ್ಲ. ಮನಸ್ಸು ಮಾತ್ರ ಕುಣಿಯುತ್ತದೆ! ಮಾವಿನ ಹಣ್ಣಿನ ಕೋನ್ 40 ರೂಪಾಯಿ. ಬೇಗ ತಿನ್ನಿ, ಇಲ್ಲದಿದ್ದರೆ ಕರಗಿ ಮೊಣಕೈವರೆಗೆ ಓಡುತ್ತದೆ. ಮಕ್ಕಳಿಗೆ ಅದೇ ಜಾಸ್ತಿ ಖುಷಿ.

ಮೇ ತಿಂಗಳು ಪೂರ್ತಿ, ಮಧ್ಯಾಹ್ನ 12ರಿಂದ ಗಡಿಗೆ ಖಾಲಿಯಾಗುವವರೆಗೆ: ನಾಲ್ಕು ಲೋಟ ಮಜ್ಜಿಗೆ ತಗೊಂಡರೆ ಐದನೆಯದು ಉಚಿತ.

ಏನೂ ಕೊಳ್ಳದಿದ್ದರೂ ಬನ್ನಿ. ಕುಡಿಯುವ ನೀರು ಎಲ್ಲರಿಗೂ ಪುಕ್ಕಟೆ.